ಹಸಿರು-ಕೆಂಪು ಗುರುತಿಸಲಾಗದವರೂ ಓದಬಲ್ಲ ಸ್ಥಿತಿ ಕಾಲಂ

ಪ್ರಶ್ನೆ: ನಮ್ಮ ಸಂಸ್ಥೆ 46 ಶಾಲೆಗಳ ದುರಸ್ತಿ ಕೆಲಸ ನೋಡಿಕೊಳ್ಳುತ್ತಿದೆ. ಎಲ್ಲವನ್ನೂ ಒಂದು ಎಕ್ಸೆಲ್ ಪಟ್ಟಿಯಲ್ಲಿ ಇಟ್ಟಿದ್ದೇವೆ. ಸ್ಥಿತಿ ಕಾಲಂನಲ್ಲಿ ಅಕ್ಷರವಿಲ್ಲ, ಬಣ್ಣ ಮಾತ್ರ: ಮುಗಿದರೆ ಹಸಿರು, ನಡೆಯುತ್ತಿದ್ದರೆ ತಿಳಿಹಸಿರು, ತಡವಾದರೆ ಕಿತ್ತಳೆ, ನಿಂತಿದ್ದರೆ ಕೆಂಪು. ಹೊಸದಾಗಿ ಬಂದ ಎಂಜಿನಿಯರ್ ಒಬ್ಬರಿಗೆ ಹಸಿರು ಮತ್ತು ಕೆಂಪು ಒಂದೇ ಥರ ಕಾಣುತ್ತವೆಂದು ಕಳೆದ ವಾರ ಗೊತ್ತಾಯಿತು. ಹಸಿರು-ಕೆಂಪು ತೆಗೆಯುವುದಕ್ಕೆ ನಮ್ಮ ನಿರ್ದೇಶಕರು ಒಪ್ಪುತ್ತಿಲ್ಲ. ಬಣ್ಣದ ಜೊತೆಗೆ ಚಿಹ್ನೆ ಹಾಕಿದರೆ ಸಾಕೇ? ಹೇಗೆ ಹಾಕಬೇಕು? ಪಟ್ಟಿಯ ಒಂದು ಪ್ರತಿಯನ್ನು ಕಳುಹಿಸಿದ್ದೇನೆ.

ಉತ್ತರ: ಸಾಕು, ಆದರೆ ಚಿಹ್ನೆಯ ಜೊತೆಗೆ ಪದವೂ ಇರಬೇಕು, ಮತ್ತು ಆ ಪದವನ್ನೇ ಮೂಲವಾಗಿಟ್ಟುಕೊಂಡು ಚಿಹ್ನೆ ಹಾಗೂ ಬಣ್ಣ ಎರಡೂ ತಾವಾಗಿಯೇ ಬರುವಂತೆ ಮಾಡಬೇಕು. ಈಗ ನಿಮ್ಮ ಪಟ್ಟಿಯಲ್ಲಿ ಬಣ್ಣವೇ ಮಾಹಿತಿಯಾಗಿದೆ. ಯಾರೋ ಕೈಯಿಂದ ತುಂಬಿದ ಬಣ್ಣವನ್ನು ಎಕ್ಸೆಲ್‌ನ ಸಾಮಾನ್ಯ ಸೂತ್ರಗಳು ಎಣಿಸಲಾರವು, ಮತ್ತು ಆ ಬಣ್ಣ ಕಾಣದವರಿಗೆ ಹಿಡಿದುಕೊಳ್ಳಲು ಬೇರೇನೂ ಉಳಿಯುವುದಿಲ್ಲ. ಹಾಗಾಗಿ ಚಿಹ್ನೆ ಹಾಕುವುದಕ್ಕೆ ಮೊದಲು ಬಣ್ಣವನ್ನು ಪದವಾಗಿ ಬದಲಿಸುವ ಒಂದು ಸಣ್ಣ ಕೆಲಸವಿದೆ. ಅದಕ್ಕೆ ಬರುವ ಮುನ್ನ, ನಿಮ್ಮ ಎಂಜಿನಿಯರ್ ಕಣ್ಣಿಗೆ ಈ ಪಟ್ಟಿ ಹೇಗೆ ಕಾಣುತ್ತಿದೆ ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಯಾವ ಚಿಹ್ನೆ ಮತ್ತು ಯಾವ ಬಣ್ಣ ಎಂಬ ತೀರ್ಮಾನ ಅದರ ಮೇಲೆ ನಿಂತಿದೆ.

ಬಣ್ಣಗುರುಡು ಎಂಬ ಪದವನ್ನು ಕೇಳಿದಾಗ ಎಲ್ಲವೂ ಕಪ್ಪು-ಬಿಳುಪಾಗಿ ಕಾಣುತ್ತದೆ ಎಂದು ಅನೇಕರು ಭಾವಿಸುತ್ತಾರೆ, ಆದರೆ ಅಂಥ ಸ್ಥಿತಿ ಅತಿ ವಿರಳ. ಕಣ್ಣಿನ ಅಕ್ಷಿಪಟಲದಲ್ಲಿ ಬಣ್ಣ ಗ್ರಹಿಸುವ ಶಂಕುಕೋಶಗಳು ಮೂರು ಬಗೆಯವು. ಅವುಗಳಲ್ಲಿ ಉದ್ದ ತರಂಗಕ್ಕೆ ಅಥವಾ ಮಧ್ಯಮ ತರಂಗಕ್ಕೆ ಸ್ಪಂದಿಸುವ ಬಗೆಯೊಂದು ಇಲ್ಲದಿದ್ದಾಗ, ಇಲ್ಲವೇ ಅದರ ಸ್ಪಂದನ ಇನ್ನೊಂದರದಕ್ಕೆ ತೀರಾ ಹತ್ತಿರ ಸರಿದಾಗ, ಹಸಿರಿನಿಂದ ಕೆಂಪಿನವರೆಗಿನ ಬಣ್ಣಗಳನ್ನು ಬೇರ್ಪಡಿಸುವ ಸುಳಿವು ಕುಂದುತ್ತದೆ ಅಥವಾ ಅಳಿದೇ ಹೋಗುತ್ತದೆ. ಇದಕ್ಕೆ ಕಾರಣವಾದ ಜೀನ್‌ಗಳು ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಗಂಡಸರಲ್ಲೇ ಇದು ಹೆಚ್ಚು. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12 ಮಂದಿಗೆ ಒಬ್ಬರಂತೆ ಕಂಡುಬಂದರೆ, ಹೆಂಗಸರಲ್ಲಿ ಸುಮಾರು 200 ಮಂದಿಗೆ ಒಬ್ಬರಿಗಷ್ಟೇ ಇರುತ್ತದೆ. ಇಂಥವರಿಗೆ ನೀಲಿ ಮತ್ತು ಹಳದಿಯ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಕೆಂಪು, ಕಂದು, ಹಸಿರು, ಕಿತ್ತಳೆ, ತಿಳಿಹಸಿರು ಇವೆಲ್ಲ ಹಳದಿ-ಕಂದಿನ ಒಂದೇ ಸಾಲಿನಲ್ಲಿ ಹೆಚ್ಚು ಕಡಿಮೆ ಮಬ್ಬಾಗಿ ಕುಳಿತುಕೊಳ್ಳುತ್ತವೆ.

ಆಗ ಅವರಿಗೆ ಉಳಿಯುವ ಮುಖ್ಯ ಸುಳಿವು ಹೊಳಪು, ಅಂದರೆ ಒಂದು ಬಣ್ಣ ಎಷ್ಟು ತಿಳಿ, ಎಷ್ಟು ಗಾಢ ಎಂಬುದು. ನಿಮ್ಮ ಪಟ್ಟಿ ಸೋಲುವುದು ಇಲ್ಲಿಯೇ. ನೀವು ಬಳಸಿರುವುದು ಎಕ್ಸೆಲ್‌ನ ಬಣ್ಣದ ಪೆಟ್ಟಿಗೆಯಲ್ಲಿ ಸಿದ್ಧವಾಗಿ ಸಿಗುವ ಹಸಿರು `#00B050` ಮತ್ತು ಕೆಂಪು `#FF0000`. ಇವೆರಡರ ಹೊಳಪಿನ ಅನುಪಾತವನ್ನು ಲೆಕ್ಕ ಹಾಕಿದರೆ ಸುಮಾರು 1.4ಕ್ಕೆ 1 ಬರುತ್ತದೆ, ಹೊಳಪು ಪೂರ್ತಿ ಒಂದೇ ಆಗಿದ್ದರೆ ಅದು 1ಕ್ಕೆ 1 ಆಗುತ್ತಿತ್ತು. ನಿಮ್ಮ ತಿಳಿಹಸಿರು `#92D050` ಮತ್ತು ಕಿತ್ತಳೆ `#FFC000` ನಡುವಿನ ಅಂತರ ಇನ್ನೂ ಕಡಿಮೆ, ಸುಮಾರು 1.1ಕ್ಕೆ 1. ನೀವು ಹಸಿರು-ಕೆಂಪಿನ ಬಗ್ಗೆ ಮಾತ್ರ ಕೇಳಿದ್ದೀರಿ, ಆದರೆ ನನ್ನ ಅಂದಾಜಿನಲ್ಲಿ ನಿಮ್ಮ ಎಂಜಿನಿಯರ್ ಇನ್ನೂ ಹೆಚ್ಚಾಗಿ ತಡಕಾಡುತ್ತಿರುವುದು ಈ ಎರಡನೆಯ ಜೋಡಿಯಲ್ಲಿ, ಅಂದರೆ ನಡೆಯುತ್ತಿರುವ ಕೆಲಸ ಯಾವುದು, ತಡವಾದ ಕೆಲಸ ಯಾವುದು ಎಂಬಲ್ಲಿ. ಅವರನ್ನೇ ಒಮ್ಮೆ ಕೇಳಿ ನೋಡಿ.

ರಸ್ತೆಯ ಸಿಗ್ನಲ್ ದೀಪದಲ್ಲಿಯೂ ಇದೇ ಬಣ್ಣಗಳಿವೆಯಲ್ಲ, ಅಲ್ಲಿ ಅವರು ಗಾಡಿ ಓಡಿಸುತ್ತಾರಲ್ಲ ಎಂದು ನಿಮ್ಮ ನಿರ್ದೇಶಕರು ಕೇಳಬಹುದು. ಸಿಗ್ನಲ್ಲಿನಲ್ಲಿ ಸಾಮಾನ್ಯವಾಗಿ ಕೆಂಪು ಮೇಲೆ, ಹಸಿರು ಕೆಳಗೆ ಇರುತ್ತದೆ, ಆದ್ದರಿಂದ ಬಣ್ಣ ತಿಳಿಯದಿದ್ದರೂ ಜಾಗ ಹೇಳಿಬಿಡುತ್ತದೆ. ಪಟ್ಟಿಯ ಕೋಶಕ್ಕೆ ಅಂಥ ಜಾಗವಿಲ್ಲ. ಆ ಕೊರತೆಯನ್ನು ಇಲ್ಲಿ ಚಿಹ್ನೆಯ ಆಕಾರ ತುಂಬಬೇಕು.

ಈಗ ಕೆಲಸಕ್ಕೆ ಬರೋಣ. ನಿಮ್ಮ ಪಟ್ಟಿಯಲ್ಲಿ ಶೀರ್ಷಿಕೆ ಸಾಲಿನ ಕೆಳಗೆ 2ರಿಂದ 47ರವರೆಗೆ 46 ಶಾಲೆಗಳಿವೆ, ಸ್ಥಿತಿಯ ಬಣ್ಣ E ಕಾಲಂನಲ್ಲಿದೆ. ಅದರ ಎಡಕ್ಕೆ ಒಂದು ಹೊಸ ಕಾಲಂ ಸೇರಿಸಿ. ಈಗ ಖಾಲಿ ಇರುವ E ಚಿಹ್ನೆಗೆ, ಬಣ್ಣವಿರುವ F ಪದಕ್ಕೆ ಎಂದಿಟ್ಟುಕೊಳ್ಳಿ. ಕೋಶಗಳನ್ನು ಒಂದೊಂದಾಗಿ ನೋಡಿ ಪದ ಟೈಪ್ ಮಾಡುವ ಅಗತ್ಯವಿಲ್ಲ. E1ರಲ್ಲಿ "ಚಿಹ್ನೆ" ಎಂಬ ಶೀರ್ಷಿಕೆ ಬರೆದು, ಶೀರ್ಷಿಕೆ ಸಾಲಿನಲ್ಲಿ ನಿಂತು `Data > Filter` ಒತ್ತಿ, F ಕಾಲಂನ ಬಾಣದಲ್ಲಿ `Filter by Color` ಆರಿಸಿದರೆ ಕೆಂಪು ಕೋಶಗಳಷ್ಟೇ ಉಳಿಯುವಂತೆ ಮಾಡಬಹುದು. ಉಳಿದ ಕೋಶಗಳನ್ನು ಆಯ್ದು, `Alt+;` ಒತ್ತಿ ಕಾಣುತ್ತಿರುವ ಕೋಶಗಳಷ್ಟೇ ಆಯ್ಕೆಯಾಗುವಂತೆ ನೋಡಿಕೊಂಡು, "ನಿಂತಿದೆ" ಎಂದು ಟೈಪ್ ಮಾಡಿ `Ctrl+Enter` ಒತ್ತಿದರೆ ಅಷ್ಟೂ ಕೋಶಗಳಿಗೆ ಒಂದೇ ಸಲ ಪದ ಬೀಳುತ್ತದೆ. ಬಾಕಿ ಬಣ್ಣಗಳಿಗೂ ಹೀಗೆಯೇ ಮಾಡಿ.

ಈ ಹಂತದಲ್ಲಿ ಒಂದು ವಿಷಯ ಬೆಳಕಿಗೆ ಬರುತ್ತದೆ. ನಿಮ್ಮ ಪಟ್ಟಿಯ `Filter by Color` ಪಟ್ಟಿಕೆಯಲ್ಲಿ ನಾಲ್ಕಲ್ಲ, ಐದು ಬಣ್ಣಗಳು ಕಂಡವು, ಏಕೆಂದರೆ ಯಾರೋ ಒಬ್ಬರು ಕೆಲವು ಸಾಲುಗಳಿಗೆ ಬೇರೆ ಕಿತ್ತಳೆ ಹಾಕಿದ್ದಾರೆ. ಅದು ಕೈತಪ್ಪೋ ಅಥವಾ ಅದಕ್ಕೆ ಬೇರೆ ಅರ್ಥವಿತ್ತೋ ಎಂಬುದನ್ನು ಹಾಕಿದವರನ್ನೇ ಕೇಳಬೇಕು. ಬಣ್ಣವಿಲ್ಲದ ಬಿಳಿ ಕೋಶಗಳೂ ಇವೆ. ಅವು ಇನ್ನೂ ಆರಂಭವಾಗದ ಕೆಲಸಗಳೋ, ಬಣ್ಣ ತುಂಬಲು ಮರೆತವೋ ಎಂದು ಪಟ್ಟಿ ನೋಡಿ ಹೇಳುವುದು ಯಾರಿಂದಲೂ ಆಗದು, ಅವರ ಕಣ್ಣು ಎಷ್ಟೇ ಚೆನ್ನಾಗಿರಲಿ. ಆದ್ದರಿಂದ "ಆರಂಭವಾಗಿಲ್ಲ" ಎಂಬುದನ್ನು ಐದನೆಯ ಸ್ಥಿತಿಯಾಗಿ ಬರೆದುಬಿಡಿ. ಎಲ್ಲ ಪದಗಳೂ ತುಂಬಿದ ಮೇಲೆ ಫಿಲ್ಟರ್ ತೆಗೆದು, F ಕಾಲಂ ಪೂರ್ತಿ ಆಯ್ದು ಹಳೆಯ ಬಣ್ಣವನ್ನು `No Fill` ಕೊಟ್ಟು ತೆಗೆದುಹಾಕಿ. ಇದನ್ನು ಬಿಟ್ಟರೆ, ಮುಂದೆ ಸ್ಥಿತಿ ಬದಲಾದಾಗ ಅಡಿಯಲ್ಲಿ ಕೈಯಿಂದ ತುಂಬಿದ್ದ ಹಳೆಯ ಹಸಿರು ಇಣುಕಿ ದಾರಿ ತಪ್ಪಿಸುತ್ತದೆ.

ಇನ್ನು ಚಿಹ್ನೆಗಳ ಆಯ್ಕೆ. ನಾನು ಮೊದಲ ಬಾರಿಗೆ ಇಂಥದೊಂದು ಪಟ್ಟಿ ಮಾಡಿದಾಗ ಬಣ್ಣದ ಕೋಶಗಳನ್ನು ತೆಗೆದು ಎಮೋಜಿಯ ಹಸಿರು, ಹಳದಿ, ಕೆಂಪು ಗುಂಡುಗಳನ್ನು ಇಟ್ಟು, ಚಿಹ್ನೆ ಸೇರಿಸಿದೆನೆಂದು ಬೀಗಿದ್ದೆ. ಪಟ್ಟಿ ನೋಡಿದ ಸಹೋದ್ಯೋಗಿಯೊಬ್ಬರು "ಎಲ್ಲ ಸಾಲಿಗೂ ಒಂದೇ ಗುಂಡು ಯಾಕೆ ಇಟ್ಟಿದ್ದೀರಿ ಸರ್?" ಎಂದು ಕೇಳಿದಾಗಲೇ ನನಗೆ ಅರಿವಾದದ್ದು. ಆಕಾರ ಒಂದೇ ಆಗಿದ್ದರೆ ಅದು ಮತ್ತೆ ಬಣ್ಣವೇ, ರೂಪ ಮಾತ್ರ ಬೇರೆ. ಎಕ್ಸೆಲ್‌ನ `Icon Sets` ಒಳಗಿನ `3 Traffic Lights` ಕೂಡ ಇದೇ ತಪ್ಪನ್ನು ಮಾಡುತ್ತದೆ. ಅಲ್ಲಿಯೇ ಇರುವ `3 Signs` ಎಂಬ ಗುಂಪಿನಲ್ಲಿ ವೃತ್ತ, ತ್ರಿಕೋನ, ವಜ್ರಾಕೃತಿ ಎಂದು ಆಕಾರಗಳು ಬೇರೆಯಿವೆ, ಅದು ಪರವಾಗಿಲ್ಲ. ಆದರೆ ಈ ಐಕಾನ್‌ಗಳು ಸಂಖ್ಯೆಗಳಿರುವ ಕೋಶಗಳಿಗಷ್ಟೇ ಬರುತ್ತವೆ, ಪದಗಳಿಗೆ ಬರುವುದಿಲ್ಲ, ಮತ್ತು ಅವುಗಳ ಬಣ್ಣವನ್ನು ನಾವು ಬದಲಿಸಲಾಗದು. ನಿಮ್ಮ ಕೆಲಸಕ್ಕೆ ಸಾಮಾನ್ಯ ಯೂನಿಕೋಡ್ ಚಿಹ್ನೆಗಳೇ ಮೇಲು.

ನಾನು ಸೂಚಿಸುವ ಐದು ಹೀಗಿವೆ: ಆರಂಭವಾಗದ್ದಕ್ಕೆ ಖಾಲಿ ವೃತ್ತ ○, ನಡೆಯುತ್ತಿರುವುದಕ್ಕೆ ತುಂಬಿದ ವೃತ್ತ ●, ತಡವಾದದ್ದಕ್ಕೆ ತ್ರಿಕೋನ ▲, ನಿಂತದ್ದಕ್ಕೆ ಚೌಕ ■, ಮುಗಿದದ್ದಕ್ಕೆ ಸರಿ ಗುರುತು ✓. ತ್ರಿಕೋನವನ್ನು ರಸ್ತೆಯ ಎಚ್ಚರಿಕೆ ಫಲಕಗಳಲ್ಲಿ ಎಲ್ಲರೂ ಕಂಡಿದ್ದಾರೆ, ಚೌಕವನ್ನು ಹಾಡು ನಿಲ್ಲಿಸುವ ಗುಂಡಿಯಲ್ಲಿ ಕಂಡಿದ್ದಾರೆ, ಹಾಗಾಗಿ ಇವುಗಳ ಅರ್ಥವನ್ನು ಹೊಸದಾಗಿ ಬಾಯಿಪಾಠ ಮಾಡಬೇಕಾಗಿಲ್ಲ. ನಿಂತ ಕೆಲಸಕ್ಕೆ ✗ ಹಾಕಬೇಕೆಂದು ಮೊದಲು ಅನಿಸುವುದು ಸಹಜ. ಆದರೆ ಶಾಲೆಯಲ್ಲಿ ಕೆಂಪು ಶಾಯಿಯ ಆ ಗುರುತನ್ನು ನೋಡಿ ಬೆಳೆದ ನಮಗೆ ಅದು "ತಪ್ಪು" ಅಥವಾ "ರದ್ದು" ಎಂದು ಓದಿಸಿಕೊಳ್ಳುತ್ತದೆ, ಮತ್ತು ಸಣ್ಣ ಅಳತೆಯಲ್ಲಿ ✓ ಹಾಗೂ ✗ ಎರಡಕ್ಕೂ ಒಂದೇ ಓರೆಗೆರೆ ಎದ್ದು ಕಾಣುವುದರಿಂದ, ಜೆರಾಕ್ಸ್ ಪ್ರತಿಯಲ್ಲೋ ಮೊಬೈಲ್‌ನಲ್ಲಿ ಕಳುಹಿಸಿದ ಚಿತ್ರದಲ್ಲೋ ಅವು ಒಂದನ್ನೊಂದು ಹೋಲುತ್ತವೆ. ಮುಗಿದ ಕೆಲಸವನ್ನು ನಿಂತ ಕೆಲಸವೆಂದು ಓದಿಕೊಳ್ಳುವುದಕ್ಕಿಂತ ದುಬಾರಿಯಾದ ತಪ್ಪು ಈ ಪಟ್ಟಿಯಲ್ಲಿ ಇನ್ನೊಂದಿಲ್ಲ. ಅದಲುಬದಲಾದರೆ ಹೆಚ್ಚು ನಷ್ಟವಾಗುವ ಸ್ಥಿತಿಗಳಿಗೆ ತೀರಾ ಬೇರೆಯಾದ ಆಕಾರಗಳನ್ನು ಕೊಡಬೇಕು ಎಂಬುದೇ ನಾನು ಪಾಲಿಸುವ ನಿಯಮ. ○ ಮತ್ತು ● ಪರಸ್ಪರ ಹೋಲುತ್ತವೆ ಎಂಬ ಆಕ್ಷೇಪ ನ್ಯಾಯವಾದದ್ದೇ, ಆದರೆ ಅವೆರಡೂ ಸದ್ಯಕ್ಕೆ ಯಾರೂ ಓಡಿಹೋಗಬೇಕಾಗಿಲ್ಲದ ಸ್ಥಿತಿಗಳು, ಮತ್ತು ಖಾಲಿಯಾದದ್ದು ತುಂಬಿತು ಎಂಬ ಕ್ರಮ ಅರ್ಥಕ್ಕೂ ಹೊಂದುತ್ತದೆ.

ಈ ಐದನ್ನು ಆರಿಸಿಕೊಳ್ಳಲು ಇನ್ನೊಂದು ತಾಂತ್ರಿಕ ಕಾರಣವಿದೆ. ಕೆಲವು ಯೂನಿಕೋಡ್ ಚಿಹ್ನೆಗಳಿಗೆ ಎಮೋಜಿ ರೂಪವೂ ಇದೆ. ದಪ್ಪನೆಯ ✔, ದಪ್ಪನೆಯ ✖, ಎಚ್ಚರಿಕೆಯ ⚠, ಬಲಕ್ಕೆ ತಿರುಗಿದ ▶ ಇವು ಅಂಥವು. ಕಂಪ್ಯೂಟರಿನಲ್ಲಿ ಕಪ್ಪಗೆ ಸರಳವಾಗಿ ಕಂಡದ್ದು ಫೋನಿನಲ್ಲಿ ತನ್ನದೇ ಬಣ್ಣ ಹೊತ್ತ ಚಿತ್ರವಾಗಿ ಬಂದುಬಿಡಬಹುದು, ಮತ್ತು ಆಗ ನೀವು ಕೊಟ್ಟ ಅಕ್ಷರದ ಬಣ್ಣಕ್ಕೆ ಅದು ಬಗ್ಗುವುದಿಲ್ಲ. ತೆಳ್ಳನೆಯ ✓ ಮತ್ತು ಮೇಲಿನ ನಾಲ್ಕು ಆಕಾರಗಳಿಗೆ ಎಮೋಜಿ ರೂಪವಿಲ್ಲದ ಕಾರಣ ಅವು ಎಲ್ಲೆಡೆ ಅಕ್ಷರದಂತೆಯೇ ನಡೆದುಕೊಳ್ಳುತ್ತವೆ. ವಿಂಗ್‌ಡಿಂಗ್ಸ್ ಫಾಂಟ್ ಹಾಕಿ ಸರಿ ಗುರುತು ತರುವ ಹಳೆಯ ರೂಢಿಯನ್ನು ಮಾತ್ರ ಬಿಟ್ಟುಬಿಡಿ. ಅಲ್ಲಿ ನಿಜವಾಗಿ ಕುಳಿತಿರುವುದು `ü` ಎಂಬ ಅಕ್ಷರ, ಆ ಫಾಂಟ್ ಇಲ್ಲದ ಫೋನಿನಲ್ಲಿ ಮುಗಿದ ಶಾಲೆಗಳ ಮುಂದೆಲ್ಲ ಅದೇ ಅಕ್ಷರ ಸಾಲಾಗಿ ನಿಲ್ಲುತ್ತದೆ. ಚಿಹ್ನೆಗಳನ್ನು ಟೈಪ್ ಮಾಡುವ ದಾರಿ ಸುಲಭ. `Insert > Symbol` ತೆರೆದು `Character code` ಜಾಗದಲ್ಲಿ ಕ್ರಮವಾಗಿ 25CB, 25CF, 25B2, 25A0, 2713 ಎಂದು ಕೊಟ್ಟರೆ ಐದೂ ಸಿಗುತ್ತವೆ. ಕೊನೆಯದು ಸಿಗದಿದ್ದರೆ ಅಲ್ಲಿಯೇ ಫಾಂಟನ್ನು `Segoe UI Symbol` ಎಂದು ಬದಲಿಸಿಕೊಳ್ಳಿ.

ಇವನ್ನು ಸಾಲುಸಾಲಿಗೆ ಕೈಯಿಂದ ಹಾಕಬೇಡಿ. ಅದೇ ಕಡತದಲ್ಲಿ "ಸೂಚಿ" ಎಂಬ ಹೆಸರಿನ ಹೊಸ ಹಾಳೆ ತೆರೆದು, A2ರಿಂದ A6ರವರೆಗೆ ಐದು ಪದಗಳನ್ನೂ B2ರಿಂದ B6ರವರೆಗೆ ಅವುಗಳ ಚಿಹ್ನೆಗಳನ್ನೂ ಬರೆಯಿರಿ. ಪಟ್ಟಿಯ E2 ಕೋಶದಲ್ಲಿ ಈ ಸೂತ್ರ ಕೊಟ್ಟು E47ರವರೆಗೆ ಎಳೆಯಿರಿ:

```
=IF(F2="","?",IFERROR(VLOOKUP(F2,'ಸೂಚಿ'!$A$2:$B$6,2,FALSE),"?"))
```

ಪದ ಹೊಂದದಿದ್ದಾಗ ಅಥವಾ ಕೋಶ ಖಾಲಿಯಿದ್ದಾಗ ಪ್ರಶ್ನಾರ್ಥಕ ಚಿಹ್ನೆ ಬರುವಂತೆ ಬೇಕೆಂದೇ ಇಟ್ಟಿದ್ದೇನೆ. ಖಾಲಿ ಬಿಟ್ಟರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಕನ್ನಡದಲ್ಲಿ ಈ ತಪ್ಪು ನೀವು ಎಣಿಸಿದ್ದಕ್ಕಿಂತ ಹೆಚ್ಚು ಬಾರಿ ಆಗುತ್ತದೆ: ಪದದ ಕೊನೆಗೆ ಒಂದು ಜಾಗ ಉಳಿದಿದ್ದರೆ, ಒಬ್ಬರು "ತಡವಾಗಿದೆ" ಎಂದೂ ಇನ್ನೊಬ್ಬರು "ತಡ ಆಗಿದೆ" ಎಂದೂ ಬರೆದರೆ, ಇಲ್ಲವೇ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪದವನ್ನು ಅಂಟಿಸಿದರೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟಿನ ಬರಹ ಪರದೆಯ ಮೇಲೆ ಕನ್ನಡದಂತೆ ಕಂಡರೂ ಒಳಗೆ ಇರುವುದು ರೋಮನ್ ಸಂಕೇತಗಳು, ಆದ್ದರಿಂದ ಕಣ್ಣಿಗೆ ಒಂದೇ ಆದ ಎರಡು ಪದಗಳು ಎಕ್ಸೆಲ್‌ಗೆ ಬೇರೆಬೇರೆ. ಇದನ್ನು ತಡೆಯಲು F ಕಾಲಂಗೆ `Data > Data Validation` ತೆರೆದು `List` ಆರಿಸಿ, `Source` ಜಾಗದಲ್ಲಿ ಇದನ್ನು ಕೊಡಿ:

```
='ಸೂಚಿ'!$A$2:$A$6
```

ಇನ್ನು ಮುಂದೆ ಟೈಪ್ ಮಾಡುವ ಬದಲು ಆರಿಸಿಕೊಂಡರಾಯಿತು. ಆದರೂ ಬೇರೆ ಕಡತದಿಂದ ನಕಲು ಮಾಡಿ ಅಂಟಿಸಿದ ಪದವನ್ನು ಈ ಕಾವಲು ತಡೆಯುವುದಿಲ್ಲ, ಅಲ್ಲಿ ಆ ಪ್ರಶ್ನಾರ್ಥಕ ಚಿಹ್ನೆಯೇ ನಿಮ್ಮ ರಕ್ಷಣೆ.

ಚಿಹ್ನೆಯನ್ನು ಪದದ ಜೊತೆಗೇ "▲ ತಡವಾಗಿದೆ" ಎಂದು ಒಂದೇ ಕೋಶದಲ್ಲಿ ಇಡಬಾರದೇ ಎಂದರೆ, ಇಡಬಹುದು. ಒಂದು ಸಾಲನ್ನು ನಕಲು ಮಾಡಿ ವಾಟ್ಸ್ಯಾಪ್‌ನಲ್ಲಿ ಕಳುಹಿಸುವವರಿಗೆ ಅದರಿಂದ ಅನುಕೂಲವೂ ಇದೆ. ನಾನು ಬೇರೆ ಕಾಲಂ ಬಯಸುವುದು ಎರಡು ಕಾರಣಕ್ಕೆ: ನಾಳೆ ಒಂದು ಚಿಹ್ನೆ ಬದಲಿಸಬೇಕೆನಿಸಿದರೆ ಸೂಚಿ ಹಾಳೆಯ ಒಂದು ಕೋಶವನ್ನು ತಿದ್ದಿದರೆ ಸಾಕು, ಮತ್ತು ತಡವಾದವು ಎಷ್ಟು ಎಂದು ಎಣಿಸುವ ಸೂತ್ರದಲ್ಲಿ ಪದವಷ್ಟೇ ಇರುವುದರಿಂದ ಅದು ಮುರಿಯುವುದಿಲ್ಲ. E ಕಾಲಂ ಅನ್ನು ಕಿರಿದಾಗಿಸಿ, ಚಿಹ್ನೆಯನ್ನು ನಡುವಿಗೆ ತಂದು, ಅಳತೆಯನ್ನು 14 ಪಾಯಿಂಟಿಗೆ ಏರಿಸಿ. 10 ಪಾಯಿಂಟಿನಲ್ಲಿ ▲ ಮತ್ತು ■ ಎರಡೂ ಪ್ರಿಂಟರಿನಿಂದ ಬರುವಷ್ಟರಲ್ಲಿ ಕಪ್ಪು ಚುಕ್ಕೆಗಳಾಗುತ್ತವೆ.

ಈಗ ನಿಮ್ಮ ನಿರ್ದೇಶಕರ ಮಾತಿಗೆ ಬರುತ್ತೇನೆ. ಹಸಿರು ಮತ್ತು ಕೆಂಪು ಇರಲಿ ಎನ್ನುವುದರಲ್ಲಿ ತಪ್ಪಿಲ್ಲ, ಏಕೆಂದರೆ ಬಣ್ಣ ಗುರುತಿಸಬಲ್ಲ ಬಹುಪಾಲು ಜನರಿಗೆ ಪಟ್ಟಿಯ ಮೇಲೆ ಕಣ್ಣಾಡಿಸುವಾಗ ಬಣ್ಣವೇ ಎಲ್ಲಕ್ಕಿಂತ ಬೇಗ ಸಿಗುವ ಸುಳಿವು. ಜಾಲತಾಣಗಳನ್ನು ಅಂಗವಿಕಲರೂ ಬಳಸುವಂತಾಗಲೆಂದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಹೊರಡಿಸಿರುವ ಡಬ್ಲ್ಯುಸಿಎಜಿ ಮಾರ್ಗಸೂಚಿಯ 1.4.1ನೇ ಅಂಶವೂ ಬಣ್ಣ ಬಳಸಬೇಡಿ ಎನ್ನುವುದಿಲ್ಲ. ಮಾಹಿತಿ ತಿಳಿಸುವ ಏಕೈಕ ಸಾಧನ ಬಣ್ಣವಾಗಿರಬಾರದು ಎಂದಷ್ಟೇ ಹೇಳುತ್ತದೆ. ಆದ್ದರಿಂದ ಬಣ್ಣಗಳ ಹೆಸರು ಹಾಗೆಯೇ ಇರಲಿ, ಅವುಗಳ ಹೊಳಪನ್ನು ಮಾತ್ರ ದೂರ ದೂರ ಸರಿಸಿ. ಮುಗಿದದ್ದಕ್ಕೆ ತೀರಾ ತಿಳಿಯಾದ ಹಸಿರು `#C6EFCE`, ಅದರ ಮೇಲೆ ಗಾಢ ಹಸಿರು ಅಕ್ಷರ `#006100`. ನಿಂತದ್ದಕ್ಕೆ ಗಾಢ ಕೆಂಪು `#9C0006`, ಅದರ ಮೇಲೆ ದಪ್ಪ ಬಿಳಿ ಅಕ್ಷರ. ಈ ಎರಡು ಹಿನ್ನೆಲೆಗಳ ಹೊಳಪಿನ ಅನುಪಾತ ಸುಮಾರು 6.9ಕ್ಕೆ 1. ಮೊದಲಿದ್ದ 1.4ಕ್ಕೆ ಹೋಲಿಸಿದರೆ, ಬಣ್ಣ ತಿಳಿಯದವರಿಗೂ ಒಂದು ತಿಳಿ, ಇನ್ನೊಂದು ಗಾಢ ಎಂದು ದೂರದಿಂದಲೇ ಗೊತ್ತಾಗುತ್ತದೆ. ತಡವಾದದ್ದಕ್ಕೆ ನಿಮ್ಮ ಹಳೆಯ ಕಿತ್ತಳೆ `#FFC000` ಇರಲಿ, ಅಕ್ಷರ ಕಪ್ಪಾಗಿರಲಿ. ಆ ಕಿತ್ತಳೆಯ ಮೇಲೆ ಬಿಳಿ ಅಕ್ಷರ ಯಾರಿಗೂ ಓದಲಾಗದು.

ನಡೆಯುತ್ತಿರುವ ಮತ್ತು ಆರಂಭವಾಗದ ಕೆಲಸಗಳಿಗೆ ಬಣ್ಣವನ್ನೇ ಕೊಡಬೇಡಿ ಎಂಬುದು ನನ್ನ ಸಲಹೆ. ನಿಮ್ಮ ತಿಳಿಹಸಿರು ಹೋದರೆ ಕಿತ್ತಳೆಯೊಡನೆ ಅದರ ಗೊಂದಲವೂ ಹೋಗುತ್ತದೆ, ಮತ್ತು ಬಿಳಿಯ ನಡುವೆ ಕಿತ್ತಳೆ ಹಾಗೂ ಗಾಢ ಕೆಂಪು ಎರಡೇ ಎದ್ದು ನಿಲ್ಲುತ್ತವೆ. ಪಟ್ಟಿಯ ಎಲ್ಲ 46 ಸಾಲುಗಳೂ ಬಣ್ಣ ಹೊತ್ತಿರುವಾಗ ಅದು ಹೋಳಿ ಹುಣ್ಣಿಮೆಯ ಅಂಗಳದಂತಿರುತ್ತದೆ, ಯಾವ ಶಾಲೆಗೆ ಮೊದಲು ಹೋಗಬೇಕೆಂದು ಅದು ಹೇಳುವುದಿಲ್ಲ. ಒಂದು ಮಿತಿಯನ್ನೂ ಒಪ್ಪಿಕೊಳ್ಳುತ್ತೇನೆ: ತಿಳಿಹಸಿರು ಹಿನ್ನೆಲೆಯ ಮುಗಿದ ಸಾಲಿಗೂ ಕಿತ್ತಳೆ ಸಾಲಿಗೂ ಹೊಳಪಿನ ಅಂತರ ಈಗಲೂ ಸುಮಾರು 1.3 ಮಾತ್ರ. ಕಿತ್ತಳೆಯಲ್ಲಿ ಹಳದಿಯ ಗಾಢತೆ ಹೆಚ್ಚಿರುವುದರಿಂದ ಕೆಂಪು-ಹಸಿರಿನ ಕೊರತೆಯಿರುವವರಿಗೆ ಅದು ಬೇರೆಯಾಗಿಯೇ ಕಾಣಬೇಕು, ಆದರೂ ಅಲ್ಲಿ ಭಾರ ಹೊರುವುದು ✓ ಮತ್ತು ▲ ಆಕಾರಗಳೇ. ಮೂರು ಬಣ್ಣಗಳನ್ನು ಹಿಡಿದುಕೊಂಡು, ಅಕ್ಷರವೂ ಓದುವಂತಿದ್ದು, ಎಲ್ಲ ಜೋಡಿಗಳ ಹೊಳಪೂ ದೂರವಿರುವಂತೆ ಮಾಡುವುದು ಕಷ್ಟ. ಬಣ್ಣದ ಜೊತೆಗೆ ಚಿಹ್ನೆ ಬೇಕಾಗುವುದೇ ಇದಕ್ಕೆ.

ಬಣ್ಣವನ್ನು ಪದಕ್ಕೆ ಕಟ್ಟಿಹಾಕಲು E2ರಿಂದ F47ರವರೆಗೆ ಆಯ್ದು, `Home > Conditional Formatting > New Rule` ತೆರೆದು, `Use a formula to determine which cells to format` ಆರಿಸಿ, ತಡವಾದದ್ದಕ್ಕೆ ಈ ಸೂತ್ರ ಕೊಡಿ:

```
=$F2="ತಡವಾಗಿದೆ"
```

ಇನ್ನೆರಡು ಬಣ್ಣಗಳಿಗೂ ಇಂಥದೇ ಒಂದೊಂದು ನಿಯಮ. F ಅಕ್ಷರದ ಹಿಂದೆ ಡಾಲರ್ ಚಿಹ್ನೆ ಇರಲೇಬೇಕು, 2ರ ಹಿಂದೆ ಇರಬಾರದು. ಮೊದಲನೆಯದನ್ನು ಬಿಟ್ಟರೆ ಚಿಹ್ನೆಯ ಕೋಶಕ್ಕೆ ಮಾತ್ರ ಬಣ್ಣ ಬಂದು ಪದದ ಕೋಶ ಬಣ್ಣವಿಲ್ಲದೆ ಉಳಿಯುತ್ತದೆ, ಎರಡನೆಯದನ್ನು ಸೇರಿಸಿದರೆ ಎಲ್ಲ ಸಾಲುಗಳೂ ಮೊದಲ ಶಾಲೆಯ ಬಣ್ಣವನ್ನೇ ಹೊರುತ್ತವೆ. ಕೆಲವು ತಿಂಗಳ ಬಳಕೆಯ ನಂತರ ಬಣ್ಣ ಮತ್ತು ಚಿಹ್ನೆ ಒಂದಕ್ಕೊಂದು ಹೊಂದದೆ ಹೋದರೆ, ಬಹುಮಟ್ಟಿಗೆ ಅದು ಸಾಲುಗಳನ್ನು ನಕಲು ಮಾಡಿ ಅಂಟಿಸಿದ್ದರ ಫಲ. ಅಂಟಿಸಿದಾಗಲೆಲ್ಲ ನಿಯಮಗಳೂ ತುಂಡುತುಂಡಾಗಿ ಹರಡಿಕೊಳ್ಳುತ್ತವೆ. `Manage Rules` ತೆರೆದು `Applies to` ಜಾಗದಲ್ಲಿ ಮೂರರ ಬದಲು ಹತ್ತಾರು ಸಣ್ಣ ವ್ಯಾಪ್ತಿಗಳು ಕಂಡರೆ, ಎಲ್ಲವನ್ನೂ ಅಳಿಸಿ ಮೂರು ನಿಯಮಗಳನ್ನು ಮತ್ತೆ ಬರೆಯುವುದು ಒಂದೊಂದನ್ನೇ ತಿದ್ದುವುದಕ್ಕಿಂತ ಬೇಗ ಮುಗಿಯುತ್ತದೆ. ಪದಗಳನ್ನು ಅಂಟಿಸುವಾಗ `Paste Values` ಬಳಸುವಂತೆ ಕಚೇರಿಯವರಿಗೆ ಹೇಳಿಟ್ಟರೆ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ.

ಸ್ವಲ್ಪ ದಿನಗಳಲ್ಲೇ ಆರನೆಯ ಸ್ಥಿತಿಯೊಂದನ್ನು ಸೇರಿಸೋಣ ಎಂಬ ಬೇಡಿಕೆ ಬರುತ್ತದೆ. ಹಣ ಬಿಡುಗಡೆಯಾಗದೆ ನಿಂತಿರುವುದು, ಮಳೆಯಿಂದ ನಿಂತಿರುವುದು, ಅನುಮತಿ ಬಾರದೆ ನಿಂತಿರುವುದು ಎಂದು ಪ್ರತಿಯೊಂದಕ್ಕೂ ಬೇರೆ ಚಿಹ್ನೆ ಕೇಳುತ್ತಾರೆ. ಅವು ಸ್ಥಿತಿಗಳಲ್ಲ, ಕಾರಣಗಳು. ಅವುಗಳಿಗೆ G ಕಾಲಂನಲ್ಲಿ "ಕಾರಣ" ಎಂಬ ಜಾಗ ಕೊಡಿ. ಆಕಾರಗಳು ಐದನ್ನು ಮೀರಿದ ಮೇಲೆ ಓದುವವರು ಪ್ರತಿ ಸಾಲಿಗೂ ಸೂಚಿಯನ್ನು ತಿರುಗಿ ನೋಡಬೇಕಾಗುತ್ತದೆ.

ಎಲ್ಲ ಸಿದ್ಧವಾದ ಮೇಲೆ ಪರೀಕ್ಷಿಸುವ ಸುಲಭ ದಾರಿ ಮುದ್ರಣ. `Page Setup` ತೆರೆದು `Sheet` ಎಂಬಲ್ಲಿ `Black and white` ಗುರುತು ಹಾಕಿದರೆ ಎಕ್ಸೆಲ್ ಕೋಶಗಳ ಹಿನ್ನೆಲೆ ಬಣ್ಣವನ್ನೆಲ್ಲ ಬಿಟ್ಟು, ಅಕ್ಷರಗಳನ್ನು ಕಪ್ಪಾಗಿಸಿ ಮುದ್ರಿಸುತ್ತದೆ. ಆ ಹಾಳೆಯಲ್ಲೂ ಯಾವ ಶಾಲೆ ತಡವಾಗಿದೆ, ಯಾವುದು ನಿಂತಿದೆ ಎಂದು ಕಣ್ಣಾಡಿಸಿಯೇ ಹೇಳಬಹುದಾದರೆ ಚಿಹ್ನೆಗಳು ತಮ್ಮ ಕೆಲಸ ಮಾಡುತ್ತಿವೆ ಎಂದರ್ಥ. ಬಣ್ಣಗಳ ಹೊಳಪನ್ನು ಪರದೆಯ ಮೇಲೆ ನೋಡಬೇಕಾದರೆ ವಿಂಡೋಸ್‌ನ `Settings > Accessibility > Color filters` ಒಳಗಿನ `Grayscale` ಹಾಕಿ ನೋಡಿ. ಇಲ್ಲಿ ಹಲವರು ಎಡವುತ್ತಾರೆ. ಅದೇ ಪಟ್ಟಿಯಲ್ಲಿ ಕೆಂಪು-ಹಸಿರಿನ ಹೆಸರಿರುವ ಫಿಲ್ಟರುಗಳೂ ಇವೆ, ಅವನ್ನು ಹಾಕಿ ಬಣ್ಣ ಕಾಣದವರಿಗೆ ಹೀಗೆ ಕಾಣುತ್ತದೆ ಎಂದು ತಿಳಿದುಕೊಳ್ಳುತ್ತಾರೆ. ಅವು ಅಂಥವರಿಗೆ ನೆರವಾಗಲು ಬಣ್ಣಗಳನ್ನು ದೂರ ಸರಿಸುವ ಫಿಲ್ಟರುಗಳು, ಅವರ ನೋಟವನ್ನು ನಮಗೆ ತೋರಿಸುವವಲ್ಲ. ಹಾಗಾಗಿ ಆ ಫಿಲ್ಟರ್ ಹಾಕಿದಾಗ ಕೆಟ್ಟ ಪಟ್ಟಿಯೂ ಚೆನ್ನಾಗಿದೆ ಎನಿಸಬಹುದು.

ಕೊನೆಯ ಪರೀಕ್ಷೆ ನಿಮ್ಮ ಎಂಜಿನಿಯರ್ ಕೈಯಲ್ಲೇ ಆಗಬೇಕು. ಅದಕ್ಕಾಗಿ ಅವರನ್ನು ಎಲ್ಲರ ಮುಂದೆ ನಿಲ್ಲಿಸಿ "ಇದು ಯಾವ ಬಣ್ಣ?" ಎಂದು ಕೇಳಬೇಡಿ, ಆ ಪ್ರಶ್ನೆಯನ್ನು ಅವರು ಚಿಕ್ಕಂದಿನಿಂದ ಸಾಕಷ್ಟು ಕೇಳಿರುತ್ತಾರೆ. ಹೊಸ ಪಟ್ಟಿಯನ್ನೂ ಹಳೆಯದನ್ನೂ ಕೊಟ್ಟು, ತಡವಾದ ಶಾಲೆಗಳ ಹೆಸರನ್ನು ಎರಡರಿಂದಲೂ ಬರೆದುಕೊಡಲು ಹೇಳಿ. ಹೊಸ ಪಟ್ಟಿಯಿಂದ ಅವರು ಬರೆದ ಹೆಸರುಗಳ ಸಂಖ್ಯೆ ಈ ಸೂತ್ರ ಕೊಡುವ ಸಂಖ್ಯೆಗೆ ಸರಿಹೊಂದಬೇಕು:

```
=COUNTIF(F2:F47,"ತಡವಾಗಿದೆ")
```

ಹೊಂದದಿದ್ದರೆ ಯಾವ ಸಾಲನ್ನು ಬಿಟ್ಟರು ಎಂದು ಅವರ ಜೊತೆ ಕುಳಿತು ನೋಡಿ. ಬಿಟ್ಟ ಸಾಲು ✓ ಗುರುತುಗಳ ನಡುವೆ ಸಿಕ್ಕಿಕೊಂಡಿದ್ದರೆ ಚಿಹ್ನೆಯ ಅಳತೆ ಚಿಕ್ಕದಾಗಿದೆ ಎಂದು ತಿಳಿಯಿರಿ, ■ ಎಂದು ಓದಿಕೊಂಡಿದ್ದರೆ ಮುದ್ರಣ ಮಸುಕಾಗಿದೆ. ಎರಡನೆಯದಾದರೆ ಸೂಚಿ ಹಾಳೆಯ ಒಂದು ಕೋಶದಲ್ಲಿ ತುಂಬಿದ ▲ ಬದಲು ಖಾಲಿ △ ಇಟ್ಟು, ಅಂದರೆ 25B3 ಕೊಟ್ಟು, ಇನ್ನೊಮ್ಮೆ ಮುದ್ರಿಸಿ ನೋಡಿ.